ಟ್ರೂ ಕಾಪಿ ಸಹಿ: ಯಾರು ಹಾಕಬಹುದು, ಹೇಗೆ ಹಾಕಿಸಿಕೊಳ್ಳಬೇಕು

ಹೋದ ತಿಂಗಳು ಪಕ್ಕದ ಮನೆಯ ಹುಡುಗ ಒಂದು ಪ್ಲಾಸ್ಟಿಕ್ ಫೈಲ್ ಹಿಡಿದುಕೊಂಡು ಬಂದ. ಒಳಗೆ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯ ಜೆರಾಕ್ಸ್, ಜಾತಿ-ಆದಾಯ ಪ್ರಮಾಣಪತ್ರದ ಜೆರಾಕ್ಸ್, ಜೊತೆಗೆ ಅಜ್ಜನ ಕಾಲದ ಖಾಸ್ರಾ ಪಹಣಿಯ ಮಸುಕು ಮಸುಕಾದ ಒಂದು ಜೆರಾಕ್ಸ್. ಮೊದಲ ಎರಡು ಕೆಲಸದ ಅರ್ಜಿಗೆ. ಮೂರನೆಯದು ಹೊಲದ ಪಾಲಿನ ಕೇಸಿಗೆ.

"ಕಾಕಾ, ಇವಕ್ಕ ಟ್ರೂ ಕಾಪಿ ಅಂತ ಒಂದ್ ಸಹಿ ಹಾಕ್ರಿ. ನಿಮ್ ಶಿಕ್ಕಾ ಮನ್ಯಾಗೇ ಅದ ಅಲ್ರಿ?" ಅಂದ.

ಶಿಕ್ಕಾ ಮನೆಯಲ್ಲಿಲ್ಲ. ಕಲಬುರಗಿಯಲ್ಲಿ ಸರ್ಕಾರಿ ಪದವಿ ಕಾಲೇಜಿನ ಅಧ್ಯಾಪಕನಾಗಿದ್ದೆ, ನಿವೃತ್ತಿಯ ದಿನ ಚಾರ್ಜ್ ಕೊಡುವಾಗ ಅದನ್ನೂ ಕೊಟ್ಟು ಬಂದೆ. ಇದ್ದಿದ್ದರೂ ಹಾಕುತ್ತಿರಲಿಲ್ಲ. "ನೀವು ಗೆಜೆಟೆಡ್ ಆಫೀಸರ್ ಇದ್ರಿ ಅಲ್ರಿ?" ಅಂತ ಅವನು. ಇದ್ದೆ. ಈಗ ಇಲ್ಲ. ಇಷ್ಟು ಹೇಳಿದರೆ ಅವನಿಗೆ ಸಮಾಧಾನವಾಗಲಿಲ್ಲ. ಅದಕ್ಕೆ ಕೂರಿಸಿಕೊಂಡು, ಮೂರು ಕಾಗದಕ್ಕೂ ದಾರಿ ಹೇಳಿದೆ. ಅದನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಆ ಸಹಿ ಹೇಳುವುದು ಏನು

ಟ್ರೂ ಕಾಪಿ ಅಂತ ಸಹಿ ಹಾಕಿದವನು ಹೇಳುವುದು ಒಂದೇ ಮಾತು: "ಒರಿಜಿನಲ್ ನನ್ನ ಕೈಯಲ್ಲಿತ್ತು. ಈ ನಕಲನ್ನು ಅದರ ಪಕ್ಕ ಇಟ್ಟು ನೋಡಿದೆ. ಎರಡರಲ್ಲೂ ಒಂದೇ ಇದೆ." ಒರಿಜಿನಲ್ ಅಸಲಿಯೋ ನಕಲಿಯೋ ಅನ್ನುವುದು ಆ ಸಹಿಯಲ್ಲಿ ಬರುವುದಿಲ್ಲ. ಅಂಕಪಟ್ಟಿಯೇ ಖೋಟಾ ಆಗಿದ್ದರೆ, ಖೋಟಾದ ನೈಜ ಪ್ರತಿ ಅಂತಷ್ಟೇ ಆಯಿತು.

ಹಾಗಾದರೆ ಇದನ್ನು ಯಾರು ಬೇಕಾದರೂ ಹೇಳಬಹುದಲ್ವಾ? ಎರಡು ಕಾಗದ ಹೋಲಿಸಿ ನೋಡೋಕೆ ಜೆರಾಕ್ಸ್ ಅಂಗಡಿಯ ಹುಡುಗನಿಗೂ ಕಣ್ಣಿದೆ. ನನಗಿಂತ ಚೆನ್ನಾಗಿಯೇ ಇದೆ. ಆದರೆ ಆ ನಕಲು ಹೋಗಿ ಸೇರುವುದು ಬೆಂಗಳೂರಿನ ಯಾವುದೋ ಕಚೇರಿಗೆ. ಅಲ್ಲಿ ಒರಿಜಿನಲ್ ಇಲ್ಲ, ನೀವೂ ಇಲ್ಲ. ಸಂಶಯ ಬಂದರೆ ಅವರು ಯಾರನ್ನು ಕೇಳಬೇಕು? ಸಹಿ ಹಾಕಿದವನ ಹುದ್ದೆ ಯಾವುದು, ಕಚೇರಿ ಎಲ್ಲಿ ಅಂತ ಗೊತ್ತಿರಬೇಕು. ಪತ್ರ ಬರೆದರೆ ಉತ್ತರ ಬರಬೇಕು. ಸುಳ್ಳು ಸಹಿ ಹಾಕಿದ್ದರೆ ಅವನ ಕೆಲಸಕ್ಕೇ ಕುತ್ತು ಬರುವಂತಿರಬೇಕು. ಅಧಿಕಾರ ಇದ್ದವನ ಸಹಿಯೇ ಬೇಕು ಅನ್ನುವುದು ಇದಕ್ಕೆ. ಅವನ ಕಣ್ಣು ಚುರುಕು ಅಂತಲ್ಲ, ಅವನನ್ನು ಹಿಡಿದು ಕೇಳಬಹುದು ಅಂತ.

ಅಂದರೆ ಬಲ ಇರುವುದು ಕುರ್ಚಿಗೆ, ಮನುಷ್ಯನಿಗಲ್ಲ. ಕುರ್ಚಿ ಬಿಟ್ಟ ಮೇಲೆ ಹಳೇ ಶಿಕ್ಕಾ ಒತ್ತಿದರೆ, ಇಲ್ಲದ ಸರ್ಕಾರಿ ಹುದ್ದೆ ಇದೆ ಅಂತ ನಟಿಸಿದ ಹಾಗೆ. ಅದು ಭಾರತೀಯ ನ್ಯಾಯ ಸಂಹಿತೆಯ 204ನೇ ಕಲಮಿನ ವಿಷಯ. ಹುಡುಗನಿಗೆ ಇದನ್ನು ಹೇಳಿದಾಗ ಫೈಲನ್ನು ಸ್ವಲ್ಪ ಹಿಂದಕ್ಕೆ ಎಳೆದುಕೊಂಡ.

ಮೊದಲ ಕಾಗದ: ಅಂಕಪಟ್ಟಿ

ಮೊದಲು ಅಧಿಸೂಚನೆ ಓದಿ. ಬಹಳ ಕಡೆ ಈಗ ಅರ್ಜಿದಾರನೇ ಸಹಿ ಹಾಕಿದ ನಕಲು ಸಾಕು. ಸ್ವಯಂ ದೃಢೀಕರಣ ಸಾಕು ಅನ್ನುವ ಪದ್ಧತಿಯನ್ನು 2014ರಿಂದ ಕೇಂದ್ರ ಸರ್ಕಾರವೇ ಒತ್ತಿ ಹೇಳುತ್ತಾ ಬಂದಿದೆ. ಅಲ್ಲಿ ನೀವು ಅಧಿಕಾರಿಯ ಕೆಲಸ ಮಾಡುತ್ತಿಲ್ಲ, ನಿಮ್ಮ ಕಾಗದದ ಬಗ್ಗೆ ನೀವೇ ಮಾತು ಕೊಡುತ್ತಿದ್ದೀರಿ. ದಾಖಲೆ ಪರಿಶೀಲನೆಯ ದಿನ ಒರಿಜಿನಲ್ ತೋರಿಸಲೇಬೇಕು. ಪಕ್ಕದ ಮನೆಯವನ ಅಂಕಪಟ್ಟಿಗೆ ನೀವು ಹೀಗೆ ಸಹಿ ಹಾಕೋಕೆ ಬರುವುದಿಲ್ಲ.

"ಗೆಜೆಟೆಡ್ ಅಧಿಕಾರಿ ಅಥವಾ ನೋಟರಿಯಿಂದ ದೃಢೀಕರಿಸಿದ" ಅಂತ ಬರೆದಿದ್ದರೆ ಮಾತ್ರ ಓಡಾಟ. ತಹಶೀಲ್ದಾರ್, ಸರ್ಕಾರಿ ಆಸ್ಪತ್ರೆಯ ವೈದ್ಯಾಧಿಕಾರಿ, ಸರ್ಕಾರಿ ಪದವಿ ಕಾಲೇಜಿನ ಅಧ್ಯಾಪಕ, ಇವರ ಬಳಿ ಹೋಗಬಹುದು. ಸರ್ಕಾರಿ ನೌಕರರೆಲ್ಲ ಗೆಜೆಟೆಡ್ ಅಲ್ಲ. ಎಷ್ಟೋ ಜನ ಗುಮಾಸ್ತರ ಹತ್ತಿರ ಸಹಿ ಮಾಡಿಸಿಕೊಂಡು ಹೋಗಿ ವಾಪಸ್ ಬರುತ್ತಾರೆ. ಹಸಿರು ಶಾಯಿ ಇದ್ದರೇನೇ ಗೆಜೆಟೆಡ್ ಸಹಿ ಅಂತ ಒಂದು ನಂಬಿಕೆಯೂ ಇದೆ. ನೋಡಬೇಕಾದ್ದು ಶಾಯಿಯ ಬಣ್ಣ ಅಲ್ಲ, ಸಹಿಯ ಕೆಳಗಿನ ಹೆಸರು ಮತ್ತು ಹುದ್ದೆ.

ಹೋಗುವಾಗ ಒರಿಜಿನಲ್ ಜೊತೆಗಿರಲಿ. "ಮನೆಯಲ್ಲಿದೆ ಸರ್, ಮೊಬೈಲಲ್ಲಿ ಫೋಟೊ ಇದೆ" ಅಂದರೆ ಸಹಿ ಹಾಕುವವನು ನಿಮಗೆ ಉಪಕಾರ ಮಾಡುತ್ತಿಲ್ಲ, ತನಗೇ ಗುಂಡಿ ತೋಡಿಕೊಳ್ಳುತ್ತಿದ್ದಾನೆ. ನಕಲು ತೆಗೆಸುವಾಗಲೂ ಗಮನ ಇರಲಿ. ಒರಿಜಿನಲ್ ಇಟ್ಟೇ ತೆಗೆಸಿ, ಜೆರಾಕ್ಸಿನ ಜೆರಾಕ್ಸ್ ಬೇಡ. ಹಿಂದೆ ಬರಹ ಇದ್ದರೆ ಅದೂ ಬರಲಿ. ಪುಟ ಹಿಡಿಸಲಿ ಅಂತ ಚಿಕ್ಕದು ಮಾಡಿದಾಗ ಅಂಚಿನಲ್ಲಿರುವ ನೋಂದಣಿ ಸಂಖ್ಯೆ ಕತ್ತರಿಸಿ ಹೋಗುತ್ತದೆ. ಅಂಥ ನಕಲಿಗೆ ನಾನು ಸಹಿ ಹಾಕುತ್ತಿರಲಿಲ್ಲ.

ಹೋಲಿಸಿ ನೋಡುವುದು ಹೇಗೆ ಅನ್ನುವುದನ್ನು ನಾನು ಕಲಿತದ್ದು ಒಂದು ಪೆಟ್ಟು ತಿಂದ ಮೇಲೆ. ಕೆಲಸಕ್ಕೆ ಸೇರಿದ ಹೊಸದು. ಒಬ್ಬ ಹುಡುಗ ಒರಿಜಿನಲ್ ತೋರಿಸಿ, ಹನ್ನೆರಡು ನಕಲು ಮುಂದಿಟ್ಟ. ಮೇಲಿನದನ್ನು ನೋಡಿದೆ, ಸರಿ ಇತ್ತು. ಉಳಿದವಕ್ಕೆ ಸುಮ್ನೆ ಸಹಿ ಹಾಕುತ್ತಾ ಹೋದೆ. ಎರಡು ತಿಂಗಳ ಮೇಲೆ ಒಂದು ಕಚೇರಿಯಿಂದ ಪತ್ರ ಬಂತು: ಈ ಸಹಿ ನಿಮ್ಮದೇ? ಒರಿಜಿನಲ್ ನೋಡಿದ್ದೀರಾ? ಲಗತ್ತಿಸಿದ್ದ ನಕಲಿನಲ್ಲಿ ಗಣಿತದ 38 ಇದ್ದದ್ದು 88 ಆಗಿತ್ತು. ಮೂರರ ಬಾಯಿ ಮುಚ್ಚಿದರೆ ಎಂಟು. ಮತ್ತೊಮ್ಮೆ ಜೆರಾಕ್ಸ್ ಮಾಡಿದರೆ ತಿದ್ದಿದ್ದು ಗೊತ್ತೇ ಆಗುವುದಿಲ್ಲ. ಆದರೆ ಪಕ್ಕದಲ್ಲಿ ಅಕ್ಷರದಲ್ಲಿ ಬರೆದ ಅಂಕ ಹಾಗೇ ಇತ್ತು. ಒಟ್ಟು ಅಂಕವೂ ಹಳೆಯದೇ. ಕೂಡಿಸಿದರೆ 50 ಅಂಕ ಜಾಸ್ತಿ ಬರುತ್ತಿತ್ತು. ಪುಣ್ಯಕ್ಕೆ ಲಿಖಿತ ವಿವರಣೆಯಲ್ಲೇ ಮುಗಿಯಿತು.

ಅಂದಿನಿಂದ ಪ್ರತಿಯೊಂದು ನಕಲನ್ನೂ ಬೇರೆ ಬೇರೆಯಾಗಿ ನೋಡುತ್ತಿದ್ದೆ. ಹೆಸರು, ತಂದೆಯ ಹೆಸರು, ಹುಟ್ಟಿದ ದಿನಾಂಕ, ನೋಂದಣಿ ಸಂಖ್ಯೆ ಮೊದಲು. ಆಮೇಲೆ ಅಂಕಿಯಲ್ಲಿ ಬರೆದದ್ದೂ ಅಕ್ಷರದಲ್ಲಿ ಬರೆದದ್ದೂ ಒಂದೇ ಇದೆಯೇ ಅಂತ. ಕೊನೆಗೆ ಕೂಡಿಸಿದ ಮೊತ್ತ. ಒಂದು ಕಾಗದಕ್ಕೆ ಎರಡು ನಿಮಿಷ ಸಾಕು.

ಸಹಿ ಹಾಕುವ ಜಾಗದಲ್ಲಿ "ಮೂಲ ಪ್ರತಿಯೊಂದಿಗೆ ಹೋಲಿಸಿ ನೋಡಿದ ನೈಜ ಪ್ರತಿ" ಅಂತ ಇರಬೇಕು. ಕೆಳಗೆ ಸಹಿ, ದಿನಾಂಕ, ಹೆಸರು ಮತ್ತು ಹುದ್ದೆಯ ಮೊಹರು, ಕಚೇರಿಯ ಶಿಕ್ಕಾ. ಇವು ಪ್ರತಿ ಪುಟದ ಮೇಲೂ ಬೇಕು.

ಊರಲ್ಲಿ ಯಾವ ಅಧಿಕಾರಿಯೂ ಸಿಗದಿದ್ದರೆ ಕೋರ್ಟ್ ಆವರಣಕ್ಕೆ ಹೋಗಿ "ನೋಟ್ರಿ" ಮಾಡಿಸಿ. ನೋಟರಿಗೆ ಈ ಅಧಿಕಾರ ಬಂದಿರುವುದು 1952ರ ನೋಟರಿ ಕಾಯ್ದೆಯಿಂದ. ಅವರಿಗೊಂದು ಕಾರ್ಯಕ್ಷೇತ್ರ ಇದೆ, ಪ್ರಮಾಣಪತ್ರಕ್ಕೆ ಅವಧಿ ಇದೆ. ಮಾಡಿದ ಕೆಲಸವನ್ನೆಲ್ಲ ರಿಜಿಸ್ಟರಿನಲ್ಲಿ ಬರೆಯಬೇಕು. ಅವರ ಮೊಹರು ದುಂಡಗೆ, 5 ಸೆಂಟಿಮೀಟರ್ ಅಗಲ. ಅದರಲ್ಲಿ ಹೆಸರೂ ಕಾರ್ಯಕ್ಷೇತ್ರವೂ ಇರುತ್ತವೆ. ಒರಿಜಿನಲ್ ಕೇಳದೆ, ರಿಜಿಸ್ಟರ್ ತೆರೆಯದೆ, ದುಡ್ಡು ತೆಗೆದುಕೊಂಡು ಶಿಕ್ಕಾ ಒತ್ತಿದರೆ ಆ ಕಾಗದ ಮುಂದೆ ನಿಮ್ಮ ತಲೆಗೇ ಬರಬಹುದು. ವಿಚಾರಣೆ ಬಂದ ದಿನ ರಿಜಿಸ್ಟರಿನಲ್ಲಿ ನಿಮ್ಮ ಸಾಲೇ ಇರುವುದಿಲ್ಲ.

ಎರಡನೆಯದು: ಜಾತಿ-ಆದಾಯ

ಇದಕ್ಕೆ ಹೆಚ್ಚು ಹೇಳೋದಿಲ್ಲ. ನಾಡಕಚೇರಿಯ ಪ್ರಮಾಣಪತ್ರದ ಮೇಲೆ ಆರ್‌ಡಿ ಸಂಖ್ಯೆ ಇರುತ್ತದೆ. ತೆಗೆದುಕೊಳ್ಳುವವರು ಆ ಸಂಖ್ಯೆ ಹಾಕಿ ಕಂಪ್ಯೂಟರಿನಲ್ಲೇ ನೋಡಿಕೊಳ್ಳುತ್ತಾರೆ. ಸಂಖ್ಯೆ ಸ್ಪಷ್ಟವಾಗಿ ಮೂಡಿರಲಿ, ಪ್ರಮಾಣಪತ್ರದ ಅವಧಿ ಮುಗಿಯದಿರಲಿ, ಅಷ್ಟು ಸಾಕು.

ಮೂರನೆಯದು: ಅಜ್ಜನ ಪಹಣಿ

ಹುಡುಗ ಎಡವಿದ್ದು ಇಲ್ಲಿ. ಅವನ ಕೈಯಲ್ಲಿದ್ದದ್ದು ದೊಡ್ಡಪ್ಪನ ಮನೆಯ ಟ್ರಂಕಿನಲ್ಲಿ ಸಿಕ್ಕ ಜೆರಾಕ್ಸಿನ ಜೆರಾಕ್ಸ್. 1956ರ ನವೆಂಬರ್ 1ರವರೆಗೆ ನಮ್ಮ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿತ್ತು. ಆ ಕಾಲದ ದಾಖಲೆ, ಬರಹ ಉರ್ದು. "ಒರಿಜಿನಲ್ ಎಲ್ಲಿ?" ಅಂದೆ. "ಇದೇ ಒರಿಜಿನಲ್ ರೀ" ಅಂದ!

ಒರಿಜಿನಲ್ ಇರುವುದು ಸರ್ಕಾರದ ಕಡತದಲ್ಲಿ. ಹಾಗಾಗಿ ಇದಕ್ಕೆ ಗೆಜೆಟೆಡ್ ಅಧಿಕಾರಿಯೂ ಬೇಡ, ನೋಟರಿಯೂ ಬೇಡ. ಅವರ ಮುಂದೆ ಹೋಲಿಸೋಕೆ ಏನೂ ಇಲ್ಲ. ಕಾನೂನೂ ಇದನ್ನೇ ಹೇಳುತ್ತದೆ. ನಕಲಿನಿಂದ ತೆಗೆದ ನಕಲನ್ನು ಮೂಲದ ಜೊತೆ ಹೋಲಿಸಿ ನೋಡಿದ್ದರೆ ಅದಕ್ಕೆ ಬೆಲೆ. ಹೋಲಿಸದಿದ್ದರೆ ಇಲ್ಲ, ಮಧ್ಯದ ನಕಲನ್ನು ಯಾವಾಗಲೋ ಯಾರೋ ಹೋಲಿಸಿದ್ದರೂ ಸಹ.

ಸರ್ಕಾರಿ ದಾಖಲೆಯ ದೃಢೀಕೃತ ನಕಲು ಕೊಡುವ ಅಧಿಕಾರ, ಆ ದಾಖಲೆಯನ್ನು ವಶದಲ್ಲಿಟ್ಟುಕೊಂಡ ಅಧಿಕಾರಿಯದು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ಸಾಕ್ಷ್ಯ ಅಧಿನಿಯಮದ 75ನೇ ಕಲಮಿನಲ್ಲಿ ಇದು ಇದೆ. ಮೊದಲು ಹಳೆಯ ಸಾಕ್ಷ್ಯ ಕಾಯ್ದೆಯ 76ರಲ್ಲಿತ್ತು. ವಕೀಲರ ಬಾಯಲ್ಲಿ ಈಗಲೂ ಹಳೆಯ ನಂಬರೇ ಬರಬಹುದು.

ಮಾಡುವ ಕೆಲಸ ಇಷ್ಟು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿಗೆ ನಕಲು ಅರ್ಜಿ ಕೊಡಿ. ಗ್ರಾಮ, ಹಳೆಯ ಸರ್ವೆ ನಂಬರ್, ಯಾವ ಸಾಲಿನದು, ಯಾರ ಹೆಸರಲ್ಲಿ ಇತ್ತು ಅನ್ನುವುದನ್ನೆಲ್ಲ ಬರೆಯಿರಿ. ಮನೆಯ ಮಸುಕು ಜೆರಾಕ್ಸ್ ಇಲ್ಲಿ ಉಪಯೋಗಕ್ಕೆ ಬರುತ್ತದೆ, ಅದರಲ್ಲಿನ ನಂಬರ್ ನೋಡಿ ಕಡತ ಹುಡುಕಬಹುದು. ನಿಗದಿಯಾದ ಶುಲ್ಕ ಕಟ್ಟಿ ರಸೀದಿ ಇಟ್ಟುಕೊಳ್ಳಿ. ಉರ್ದುವಿನಿಂದ ಕನ್ನಡಕ್ಕೆ ಅನುವಾದ ಬೇಕಾದರೆ ಅದು ಬೇರೆಯೇ ಕೆಲಸ. ಅನುವಾದ ಮಾಡಿದವರು ತಮ್ಮ ಅನುವಾದ ಸರಿ ಇದೆ ಅಂತ ಸಹಿ ಹಾಕುತ್ತಾರೆ, ನಕಲು ಸರಿ ಇದೆ ಅಂತ ಅಲ್ಲ. ದೃಢೀಕೃತ ನಕಲು ಸಿಕ್ಕ ಮೇಲೆ ಅದರಿಂದಲೇ ಅನುವಾದ ಮಾಡಿಸಿ.

ನಕಲು ಕೈಗೆ ಬಂದಾಗ ಕೌಂಟರಿನಲ್ಲೇ ನಿಂತು ಪುಟದ ಕೆಳಭಾಗ ನೋಡಿ. ಇದು ಇಂಥ ದಾಖಲೆಯ ನೈಜ ನಕಲು ಅನ್ನುವ ಬರಹ, ತಾರೀಖು, ಅಧಿಕಾರಿಯ ಹೆಸರು, ಹುದ್ದೆ, ಸಹಿ, ಶಿಕ್ಕಾ ಎಲ್ಲವೂ ಇರಬೇಕು.

ಹದಿನೈದು ದಿನ ಬಿಟ್ಟು ಹುಡುಗ ಮತ್ತೆ ಬಂದ, ಪಹಣಿ ತೋರಿಸೋಕೆ. ಬರಹ ಇತ್ತು, ಸಹಿ ಇತ್ತು, ಶಿಕ್ಕಾ ನೀಲಿಯಾಗಿ ಚೆನ್ನಾಗಿ ಮೂಡಿತ್ತು. ತಾರೀಖಿನ ಜಾಗ ಖಾಲಿ. "ಅಯ್ಯ, ನಾ ನೋಡೇ ಇಲ್ರಿ ಕಾಕಾ" ಅಂದ. ನನ್ನ ಮೇಜಿನ ಮೇಲಿದ್ದ ಪೆನ್ನಿನ ಕಡೆ ಒಮ್ಮೆ ನೋಡಿದ. ಪೆನ್ನನ್ನು ಜೇಬಿಗೆ ಹಾಕಿಕೊಂಡೆ. ಮರುದಿನ ಬೆಳಿಗ್ಗೆ ಅವನು ಮತ್ತೆ ತಾಲ್ಲೂಕು ಕಚೇರಿಯ ಬಸ್ಸು ಹಿಡಿದ.