ವಾಪಸ್ ಬಂದ ಬಟ್ಟೆಗೆ ಎಂಟ್ರಿ ಮಾಡುವ ಬಗೆ: ನನ್ನ ಅನುಭವ

ತುಮಕೂರಿನ ಎಂ.ಜಿ. ರಸ್ತೆಯ ಒಂದು ರೆಡಿಮೇಡ್ ಅಂಗಡಿಯಲ್ಲಿ ನಾನು ಬಿಲ್ಲಿಂಗ್ ಕೌಂಟರ್ ನೋಡಿಕೊಳ್ಳುತ್ತೇನೆ. ಹೊಸದಾಗಿ ಸೇರುವ ಹುಡುಗಿಯರಿಗೆ ಕೆಲಸ ಕಲಿಸುವುದೂ ನನ್ನ ಪಾಲಿಗೇ ಬಂದಿದೆ. ಬಿಲ್ ಹಾಕುವುದನ್ನು ಅವರು ಎರಡು ದಿನದಲ್ಲಿ ಕಲಿತುಬಿಡುತ್ತಾರೆ. ಬಾರ್‌ಕೋಡ್ ಹೊಡೆದರೆ ಆಯಿತಲ್ವಾ? ಕೈ ತಡವರಿಸುವುದು ಕೊಟ್ಟ ಬಟ್ಟೆ ವಾಪಸ್ ಬಂದಾಗ.

ಒಂದು ಶನಿವಾರ ರಾತ್ರಿ ಲೆಕ್ಕ ಮುಚ್ಚುವಾಗ ಗಲ್ಲಾದಲ್ಲಿ 1,150 ರೂಪಾಯಿ ಕಮ್ಮಿ ಬಂತು. ಆ ದಿನ ಕೌಂಟರ್‌ನಲ್ಲಿದ್ದ ಹುಡುಗಿ ಮೂರು ಸಲ ನೋಟು ಎಣಿಸಿದಳು. "ಅಕ್ಕ, ನಾನು ಯಾರಿಗೂ ಜಾಸ್ತಿ ಚಿಲ್ಲರೆ ಕೊಟ್ಟಿಲ್ಲ ಅಕ್ಕ" ಎಂದು ಅಳುವ ಹಾಗಾದಳು. ನನಗೆ ಅನುಮಾನ ಬಂದದ್ದು ಆ ಮೊತ್ತದ ಮೇಲೆ. ಚಿಲ್ಲರೆ ತಪ್ಪಿದರೆ 10, 50, ನೂರು, ಹೆಚ್ಚೆಂದರೆ 500 ಕಮ್ಮಿ ಬರುತ್ತದೆ. 1,150 ಅನ್ನುವುದು ನಮ್ಮಲ್ಲಿ ಒಂದು ಶರ್ಟಿನ ಬೆಲೆ. ಕಮ್ಮಿ ಬಿದ್ದ ಹಣ ಯಾವುದಾದರೂ ಬಟ್ಟೆಯ ಬೆಲೆಗೆ ಸರಿಯಾಗಿ ಕೂತರೆ ನಾನು ನೋಟು ಎಣಿಸುವುದನ್ನು ಬಿಟ್ಟು ಮೊದಲು ಆ ದಿನದ ಬದಲಾವಣೆ ಎಂಟ್ರಿಗಳನ್ನು ನೋಡುತ್ತೇನೆ.

ಅಲ್ಲೇ ಸಿಕ್ಕಿತು. ಗಿರಾಕಿಯೊಬ್ಬರು 1,150ರ ಶರ್ಟ್ ವಾಪಸ್ ಕೊಟ್ಟು 1,350ರದ್ದು ತೆಗೆದುಕೊಂಡಿದ್ದರು. ಮೇಲೆ 200 ರೂಪಾಯಿ ಕೊಟ್ಟಿದ್ದರು. ಹುಡುಗಿ ವಾಪಸ್ ಎಂಟ್ರಿಯನ್ನು ಸರಿಯಾಗಿಯೇ ಮಾಡಿ, ವಾಪಸ್ ಬಂದ ಬಟ್ಟೆಯ ಹಣ ಗಿರಾಕಿಯ ಹೆಸರಿಗೆ ಜಮಾ ಇದೆ ಎಂದು ತೋರಿಸುವ ಕ್ರೆಡಿಟ್ ನೋಟ್ ತೆಗೆದಿದ್ದಳು. ಆದರೆ ಹೊಸ ಬಿಲ್ಲಿನ 1,350 ಪೂರ್ತಿ ಕ್ಯಾಶ್ ಎಂದು ಒತ್ತಿಬಿಟ್ಟಿದ್ದಳು. ಕಂಪ್ಯೂಟರ್ 1,350 ಬಂದಿರಬೇಕು ಅನ್ನುತ್ತದೆ, ಗಲ್ಲಾಕ್ಕೆ ಬಂದದ್ದು 200. ಹಣ ಎಲ್ಲೂ ಹೋಗಿರಲಿಲ್ಲ. ಆದರೆ ಆ ಕ್ರೆಡಿಟ್ ನೋಟ್ ಬಳಕೆಯಾಗದೆ ಹಾಗೇ ಉಳಿದಿತ್ತು. ಅದರ ಚೀಟಿ ಹಿಡಿದು ಯಾರಾದರೂ ಮತ್ತೆ ಬಂದಿದ್ದರೆ ಇನ್ನೊಂದು ಶರ್ಟ್ ಪುಕ್ಕಟೆ ಹೋಗುತ್ತಿತ್ತು.

ಅಂದಿನಿಂದ ನಾನು ಬದಲಾವಣೆ ಅಂದರೆ ಎರಡು ಕೆಲಸ ಎಂದೇ ಕಲಿಸುತ್ತೇನೆ. ಮೊದಲು ವಾಪಸ್, ಆಮೇಲೆ ಮಾರಾಟ. ಸೇಲ್ಸ್ ರಿಟರ್ನ್ ತೆರೆದು ಹಳೇ ಬಿಲ್ ನಂಬರ್ ಹಾಕಬೇಕು. ಆ ಬಿಲ್ಲಿನ ಬಟ್ಟೆಗಳೆಲ್ಲ ಬರುತ್ತವೆ, ವಾಪಸ್ ಬಂದದ್ದನ್ನು ಮಾತ್ರ ಆರಿಸಿ ಸೇವ್ ಮಾಡಬೇಕು. ಆಗ ಕ್ರೆಡಿಟ್ ನೋಟ್ ನಂಬರ್ ಸಿಗುತ್ತದೆ. ಆಮೇಲೆ ಹೊಸ ಬಟ್ಟೆಗೆ ಪೂರ್ತಿ ಬೆಲೆಯ ಬಿಲ್. ಹಣ ತುಂಬುವ ಜಾಗದಲ್ಲಿ ಮೊದಲು ಆ ಕ್ರೆಡಿಟ್ ನೋಟ್ ನಂಬರ್ ಹಾಕಿ ಅದರ ಮೊತ್ತ ಕಳೆಯಬೇಕು, ಉಳಿದ 200ನ್ನು ಮಾತ್ರ ಕ್ಯಾಶ್ ಅಥವಾ ಯುಪಿಐ ಎಂದು ತೋರಿಸಬೇಕು.

ಇದನ್ನು ತಪ್ಪಿಸಲು ಹುಡುಗಿಯರು ಅಡ್ಡದಾರಿ ಹುಡುಕುತ್ತಾರೆ. ಒಬ್ಬಳು ಬರೀ 200 ರೂಪಾಯಿಗೆ ಬಿಲ್ ಹಾಕಿದ್ದಳು. ಇನ್ನೊಬ್ಬಳು ನಿನ್ನೆಯ ಬಿಲ್ಲನ್ನೇ ತೆರೆದು ಶರ್ಟ್ ಬದಲಿಸಿದ್ದಳು. ನಿನ್ನೆಯ ಲೆಕ್ಕ ಮುಚ್ಚಿ ಹಣ ಬ್ಯಾಂಕಿಗೆ ಹೋಗಿರುತ್ತದೆ. ಈಗ ಅದರ ಮೊತ್ತ ಬದಲಾದರೆ ನಿನ್ನೆಯದೂ ಕೆಡುತ್ತದೆ, ಗಿರಾಕಿಯ ಕೈಲಿರುವ ಬಿಲ್ಲಿಗೂ ನಮ್ಮದಕ್ಕೂ ತಾಳೆ ಇರುವುದಿಲ್ಲ. ಯಜಮಾನರಿಗೆ ಹೇಳಿ ಹಳೇ ಬಿಲ್ ತಿದ್ದುವುದಕ್ಕೆ ಬೀಗ ಹಾಕಿಸಿದೆ.

ಅದಕ್ಕಿಂತ ಜಾಸ್ತಿ ಕಾಡಿದ್ದು ಸೈಜ್ ಬದಲಾವಣೆ. ಬೆಲೆ ಅದೇ, ಬಣ್ಣ ಅದೇ, 38 ಕೊಟ್ಟು 40 ತಗೊಂಡರು. "ದುಡ್ಡೇ ಇಲ್ವಲ್ಲಕ್ಕ, ಸುಮ್ನೆ ಬದಲಾಯಿಸಿ ಕೊಟ್ಟೆ" ಅನ್ನುತ್ತಾರೆ. ಗಲ್ಲಾ ಆ ರಾತ್ರಿ ಸರಿಯಾಗಿಯೇ ಇರುತ್ತದೆ, ಅದಕ್ಕೇ ಈ ತಪ್ಪು ಬೇಗ ಕಾಣುವುದಿಲ್ಲ. ನಮ್ಮಲ್ಲಿ ಒಂದೊಂದು ಸೈಜಿಗೂ ಬೇರೆ ಬಾರ್‌ಕೋಡ್. ಸ್ಟಾಕ್ ಎಣಿಸುವ ದಿನ 38 ಒಂದು ಹೆಚ್ಚು, 40 ಒಂದು ಕಮ್ಮಿ. ಒಂದೇ ಬಟ್ಟೆಯ ಪಕ್ಕಪಕ್ಕದ ಸೈಜಿನಲ್ಲಿ ಹೀಗೆ ಜೋಡಿಯಾಗಿ ಏರುಪೇರು ಕಂಡರೆ ಅದು ಕಳ್ಳತನವಲ್ಲ, ಎಂಟ್ರಿ ಮಾಡದ ಬದಲಾವಣೆ. ಎರಡು ಸಲ ಸೇಲ್ಸ್ ಹುಡುಗರ ಮೇಲೆ ಸುಮ್ಮನೆ ಅನುಮಾನ ಪಟ್ಟ ಮೇಲೆ ನನಗೆ ಇದು ಹೊಳೆದದ್ದು.

ಹಳೇ ಬಿಲ್ಲಿನಿಂದಲೇ ಯಾಕೆ ಎಳೆಯಬೇಕು, ಬಟ್ಟೆಯ ಬಾರ್‌ಕೋಡ್ ಹೊಡೆದರೆ ಸಾಲದಾ ಎಂದು ಎಲ್ಲರೂ ಕೇಳುತ್ತಾರೆ. ಸಾಲದು. ಬಾರ್‌ಕೋಡ್‌ಗೆ ಗೊತ್ತಿರುವುದು ಇವತ್ತಿನ ಬೆಲೆ. ಗಿರಾಕಿ ಎಷ್ಟು ಕೊಟ್ಟಿದ್ದರು ಅನ್ನುವುದು ಬಿಲ್ಲಿಗೆ ಮಾತ್ರ ಗೊತ್ತು. ಒಟ್ಟು 2,000ದ ಬಿಲ್ಲಿಗೆ ಶೇಕಡ 10 ರಿಯಾಯಿತಿ ಕೊಟ್ಟಿದ್ದರೆ ಅದರಲ್ಲಿನ 700ರ ಶರ್ಟಿಗೆ ಅವರು ಕೊಟ್ಟದ್ದು 630. ಬಾರ್‌ಕೋಡ್ ಹೊಡೆದರೆ 700 ವಾಪಸ್ ಹೋಗುತ್ತದೆ.

ತೆರಿಗೆ ಬದಲಾದಾಗ ಇದು ಇನ್ನೂ ಚೆನ್ನಾಗಿ ಗೊತ್ತಾಯಿತು. 2025ರ ಸೆಪ್ಟೆಂಬರ್ 22ಕ್ಕೆ ಮುಂಚೆ ಸಾವಿರ ರೂಪಾಯಿ ದಾಟಿದ ಸಿದ್ಧ ಉಡುಪಿಗೆ ಜಿಎಸ್‌ಟಿ ಶೇಕಡ 12 ಇತ್ತು. ಆ ದಿನದಿಂದ 2,500ರವರೆಗಿನ ಉಡುಪಿಗೆ ಶೇಕಡ 5 ಆಯಿತು. ಗುಬ್ಬಿಯ ಹೆಂಗಸೊಬ್ಬರು 20ನೇ ತಾರೀಕು ಒಂದು ಚೂಡಿದಾರ್ ಸೆಟ್ ಕೊಂಡಿದ್ದರು. ಬೆಲೆ 1,500, ತೆರಿಗೆ 180, ಒಟ್ಟು 1,680. ಬುಧವಾರ 24ಕ್ಕೆ ಬಸ್ ಹತ್ತಿ ಬಂದು ದೊಡ್ಡ ಸೈಜ್ ಕೇಳಿದರು. ಹುಡುಗಿ ಬಾರ್‌ಕೋಡ್ ಹೊಡೆದು ವಾಪಸ್ ತೆಗೆದುಕೊಂಡಳು, 1,575. ಹೊಸದಕ್ಕೂ 1,575. ಲೆಕ್ಕ ಸಮ ಎಂದು ಕವರ್ ಕೈಗಿಟ್ಟಳು.

ಆಕೆ ಎರಡೂ ಬಿಲ್ ಕೌಂಟರ್ ಮೇಲಿಟ್ಟು, "ಅಮ್ಮಾ, ನಾನು ಕೊಟ್ಟಿದ್ದು 1,680. ನೀವು ಇಟ್ಕೊಂಡಿರೋದು 1,575. ಮಿಕ್ಕಿದ್ದು ಎಲ್ಲಿ?" ಎಂದರು. ಕೇಳಿದ್ದು ನೂರಕ್ಕೆ ನೂರು ಸರಿ. ಆ ವಾಪಸ್ ಎಂಟ್ರಿಯನ್ನು ರದ್ದು ಮಾಡಿ ಹಳೇ ಬಿಲ್ಲಿನಿಂದ ಮತ್ತೆ ಮಾಡಿದೆ. ಕ್ರೆಡಿಟ್ ನೋಟ್ 1,680ಕ್ಕೆ ಬಂತು, ಮಾರಿದ ದಿನದ ಶೇಕಡ 12ರ ಲೆಕ್ಕದಲ್ಲೇ. ಹೊಸ ಬಿಲ್ 1,500 ಮತ್ತು 75 ಸೇರಿ 1,575. ಆಕೆಗೆ 105 ರೂಪಾಯಿ ವಾಪಸ್. ಇದು ಬರೀ ಗಿರಾಕಿಯ ಪ್ರಶ್ನೆಯಲ್ಲ. ಮಾರುವಾಗ 180 ತೆರಿಗೆ ತೋರಿಸಿ ವಾಪಸ್ ಪಡೆಯುವಾಗ 75 ಮಾತ್ರ ಕಳೆದರೆ, ವಾಪಸ್ ಬಂದ ಬಟ್ಟೆಗೂ 105 ರೂಪಾಯಿ ತೆರಿಗೆಯನ್ನು ಅಂಗಡಿಯೇ ಕಟ್ಟಿದ ಹಾಗೆ.

ಬಿಲ್ ಕಳೆದುಕೊಂಡು ಬಂದವರಿಗೆ ಮೊಬೈಲ್ ನಂಬರ್ ಕೇಳುತ್ತೇವೆ, ಅದರಲ್ಲಿ ಹಳೇ ಬಿಲ್ ಸಿಗುತ್ತದೆ. ನಂಬರ್ ಕೊಟ್ಟಿಲ್ಲದಿದ್ದರೆ ಆ ಬಾರ್‌ಕೋಡ್ ಯಾವ ಯಾವ ಬಿಲ್ಲಿನಲ್ಲಿ ಹೋಗಿದೆ ಎಂದು ಹುಡುಕುತ್ತೇವೆ. ಅದೂ ಸಿಗದಿದ್ದರೆ ಹುಡುಗಿಯರು ಕೈ ಹಾಕುವ ಹಾಗಿಲ್ಲ, ನನ್ನನ್ನು ಕರೆಯಬೇಕು.

ಹೊಲಿಗೆ ಬಿಟ್ಟದ್ದು, ಕಲೆಯಾದದ್ದು ಬಂದರೆ ಎಂಟ್ರಿಯಲ್ಲಿ ಕಾರಣ ಬರೆಯುವ ಜಾಗದಲ್ಲಿ ಡ್ಯಾಮೇಜ್ ಎಂದು ಆರಿಸಲೇಬೇಕು. ಇಲ್ಲದಿದ್ದರೆ ಅದು ಮಾರುವ ಸ್ಟಾಕಿಗೆ ಸೇರುತ್ತದೆ. ಬಟ್ಟೆಯನ್ನೂ ಆಗಲೇ ಕೌಂಟರ್ ಕೆಳಗಿನ ನೀಲಿ ಬುಟ್ಟಿಗೆ ಹಾಕಿಸುತ್ತೇನೆ. ಒಮ್ಮೆ ಗುಂಡಿ ಕಿತ್ತ ಅದೇ ಶರ್ಟನ್ನು ಒಂದೇ ವಾರದಲ್ಲಿ ಇಬ್ಬರು ವಾಪಸ್ ತಂದಿದ್ದರು!

ಈಗ ರಾತ್ರಿ ಗಲ್ಲಾ ಎಣಿಸುವ ಮೊದಲು ಬಳಕೆಯಾಗದ ಕ್ರೆಡಿಟ್ ನೋಟುಗಳ ಪಟ್ಟಿ ತೆಗೆಯುತ್ತೇವೆ. ಆ ದಿನದ್ದು ಯಾವುದಾದರೂ ಉಳಿದಿದ್ದರೆ, ಗಿರಾಕಿ ಆಮೇಲೆ ಬರುತ್ತೇನೆಂದು ಚೀಟಿ ಒಯ್ದರಾ, ಇಲ್ಲ ನಾವು ಬಿಲ್ಲಿಗೆ ಸೇರಿಸಲು ಮರೆತೆವಾ ಎಂದು ಹುಡುಗಿಯನ್ನು ಆಗಲೇ ಕೇಳುತ್ತೇನೆ. ಮಾರನೇ ದಿನಕ್ಕೆ ಬಿಟ್ಟರೆ ಅವಳಿಗೂ ನೆನಪಿರುವುದಿಲ್ಲ, ನನಗೂ ಇರುವುದಿಲ್ಲ.