ಸ್ಟಾರ್ ವಾರ್ಸ್ ನೋಡುವುದಾದರೆ ನಾಲ್ಕರಿಂದ ಶುರು ಮಾಡಿ

ಸ್ಟಾರ್ ವಾರ್ಸ್ ಮೊದಲ ಸಲ ನೋಡಲು ಕೂತವರು ಸಹಜವಾಗಿ ಒಂದನೇ ಭಾಗ ಹಾಕುತ್ತಾರೆ. ಎಡವುವುದೇ ಅಲ್ಲಿ. 1977ರಲ್ಲಿ ತೆರೆಕಂಡ ಮೊಟ್ಟಮೊದಲ ಚಿತ್ರಕ್ಕೆ ಈಗಿರುವ ಸಂಖ್ಯೆ ನಾಲ್ಕು. 1980ರದು ಐದು, 1983ರದು ಆರು. ಒಂದು, ಎರಡು, ಮೂರನೇ ಭಾಗಗಳು ಬಂದದ್ದು ಅದಾದ ಮೇಲೆ, 1999, 2002 ಮತ್ತು 2005ರಲ್ಲಿ. ಕಥೆ ಮಾತ್ರ ಹಿಂದಿನ ತಲೆಮಾರಿನದು.

ಕೆಲವು ವರ್ಷಗಳ ಹಿಂದೆ ಬಸವನಗುಡಿಯ ಅಕ್ಕನ ಮನೆಯಲ್ಲಿ ದಸರಾ ರಜೆಗೆ ಅವಳ ಮಗನಿಗೆ ಸಂಖ್ಯೆಯ ಪ್ರಕಾರವೇ ತೋರಿಸಿದ್ದೆ. ಐದನೇ ಭಾಗದ ಕೊನೆಗೆ ಖಳ ಡಾರ್ತ್ ವೇಡರ್ ನಾಯಕ ಲ್ಯೂಕ್‌ಗೆ ಒಂದು ಮಾತು ಹೇಳುತ್ತಾನೆ. ಇಡೀ ಸರಣಿ ನಿಂತಿರುವುದೇ ಆ ಮಾತಿನ ಮೇಲೆ. ಹುಡುಗ ಕಣ್ಣು ಮಿಟುಕಿಸಲಿಲ್ಲ. "ಇದು ಆಗ್ಲೇ ಗೊತ್ತಿತ್ತಲ್ಲ ಮಾಮ" ಅಂದ. ಮೂರನೇ ಭಾಗ ಆ ಗುಟ್ಟನ್ನು ಮೊದಲೇ ಬಿಟ್ಟುಕೊಟ್ಟಿತ್ತು. ಇನ್ನೂ ನೋಡದವರಿಗಾಗಿ ಆ ಮಾತನ್ನು ಇಲ್ಲಿ ಬರೆಯುವುದಿಲ್ಲ.

ಹಾಗಾದರೆ ಬಿಡುಗಡೆಯ ಕ್ರಮವೇ ಸರಿಯೇ? ಗುಟ್ಟೇನೋ ಉಳಿಯುತ್ತದೆ, ಆದರೆ ಒಂದು ತೊಡಕಿದೆ. ಆರನೇ ಭಾಗದ ಕೊನೆಯ ದೃಶ್ಯದಲ್ಲಿ ಒಂದು ಮುಖ ಕಾಣಿಸುತ್ತದೆ. 1983ರಲ್ಲಿ ಅಲ್ಲಿದ್ದದ್ದು ಬೇರೆ ನಟ. 2004ರ ಡಿವಿಡಿಯಲ್ಲಿ ಅವರನ್ನು ತೆಗೆದು ಎರಡು ಮತ್ತು ಮೂರನೇ ಭಾಗಗಳ ನಟ ಹೇಡನ್ ಕ್ರಿಸ್ಟೆನ್ಸನ್‌ರನ್ನು ಕೂರಿಸಿದರು. ಈಗ ನಮಗೆ ಸಿಗುವ ಪ್ರತಿಯಲ್ಲೂ ಇರುವುದು ಅವರೇ. ಆ ಭಾಗಗಳನ್ನು ನೋಡದವರಿಗೆ ಕಣ್ಣು ತುಂಬಬೇಕಾದ ಗಳಿಗೆಯಲ್ಲಿ "ಇವನ್ಯಾರು?" ಎಂಬ ಪ್ರಶ್ನೆ ಏಳುತ್ತದೆ.

ಎರಡಕ್ಕೂ ಪರಿಹಾರವಾಗುವ ಕ್ರಮವೊಂದನ್ನು 2011ರಲ್ಲಿ ರಾಡ್ ಹಿಲ್ಟನ್ ಎಂಬುವರು ಸೂಚಿಸಿದರು. 'ಮಚೆಟೆ ಆರ್ಡರ್' ಎಂದೇ ಅದು ಹೆಸರಾಗಿದೆ: ನಾಲ್ಕು, ಐದು, ಎರಡು, ಮೂರು, ಆರು. ಅಕ್ಕನ ಮಗಳಿಗೆ ಹನ್ನೊಂದು ತುಂಬಿದಾಗ ಇದನ್ನೇ ಪಾಲಿಸಿದೆ.

ಮೊದಲ ದಿನ ನಾಲ್ಕು ಮತ್ತು ಐದು. ಎರಡೂ ಸೇರಿ ನಾಲ್ಕು ಗಂಟೆಯ ಮೇಲೆ ಸ್ವಲ್ಪ. ನಡುವೆ ಊಟ ಮುಗಿಸಿಕೊಳ್ಳಬಹುದು. ಮುಂದಿನ ಚಿತ್ರ ತಾನಾಗಿ ಶುರುವಾಗುವ ಸೆಟ್ಟಿಂಗ್ ಇದ್ದರೆ ಮೊದಲೇ ಆಫ್ ಮಾಡಿಡಿ, ಇಲ್ಲದಿದ್ದರೆ ಐದು ಮುಗಿಯುತ್ತಲೇ ಆರು ಬಂದು ನಿಲ್ಲುತ್ತದೆ. ವೇಡರ್ ಆ ಮಾತು ಹೇಳಿದಾಗ ಹುಡುಗಿಯ ಕೈಯಲ್ಲಿದ್ದ ಕೋಡುಬಳೆ ಬಾಯಿಯ ಹತ್ತಿರವೇ ನಿಂತಿತು. "ಸುಳ್ಳು ಹೇಳ್ತಿದಾನೆ, ಅಲ್ವಾ ಮಾಮ?" ನಾನು ಉತ್ತರ ಕೊಡಲಿಲ್ಲ. ನೀವೂ ಕೊಡಬೇಡಿ. ಆ ಪ್ರಶ್ನೆಯನ್ನು ಇಟ್ಟುಕೊಂಡೇ ಅವಳು ರಾತ್ರಿ ಮಲಗಬೇಕು.

ಮರುದಿನ ಎರಡು ಮತ್ತು ಮೂರು. ಈಗ ಇವು ದೀರ್ಘವಾದ ಫ್ಲ್ಯಾಶ್‌ಬ್ಯಾಕ್ ಆಗಿ ಕೆಲಸ ಮಾಡುತ್ತವೆ. ಹಿಂದಿನ ರಾತ್ರಿಯ ಪ್ರಶ್ನೆಗೆ ಉತ್ತರ ಇಲ್ಲಿದೆ. ಒಂದನೇ ಭಾಗ ಬಿಟ್ಟಿರುವುದರಿಂದ ಚಿತ್ರ ಹಾಕುವ ಮುಂಚೆ ಇಷ್ಟು ಹೇಳಿಬಿಡಿ: ಮರಳುಗಾಡಿನ ಗ್ರಹವೊಂದರಲ್ಲಿ ಗುಲಾಮನಾಗಿದ್ದ ಅನಾಕಿನ್ ಎಂಬ ಪುಟ್ಟ ಹುಡುಗನನ್ನು ಜೆಡೈ ಯೋಧರು ಬಿಡಿಸಿ ಕರೆತಂದರು, ಅವನ ತಾಯಿ ಅಲ್ಲೇ ಉಳಿದಳು. ಇದನ್ನು ಹೇಳಲು ಮರೆತರೆ, ಎರಡನೇ ಭಾಗದಲ್ಲಿ ಅವನು ತಾಯಿಯನ್ನು ಹುಡುಕಿಕೊಂಡು ಹೋಗುವ ಪ್ರಸಂಗದ ಭಾರ ನೋಡುವವರಿಗೆ ತಟ್ಟುವುದಿಲ್ಲ. ಮೂರನೆಯದರ ಕೊನೆಯ ಲಾವಾ ದೃಶ್ಯ ನಿಜಕ್ಕೂ ಕ್ರೂರವಾಗಿದೆ. ಮಕ್ಕಳು ತೀರಾ ಚಿಕ್ಕವರಾದರೆ ಪಕ್ಕದಲ್ಲೇ ಕೂತಿರಿ. ಈ ಕ್ರಮಕ್ಕೆ ಒಂದು ಮಿತಿಯೂ ಇದೆ. ಆರನೇ ಭಾಗ ರಾಜಕುಮಾರಿ ಲೇಯಾ ಬಗ್ಗೆ ಬಿಚ್ಚಿಡುವ ಎರಡನೇ ಗುಟ್ಟು ಮೂರರಲ್ಲೇ ಹೊರಬೀಳುತ್ತದೆ. ಆ ನಷ್ಟ ಚಿಕ್ಕದು ಎಂಬುದು ನನ್ನ ಅಭಿಪ್ರಾಯ.

ಆರನ್ನು ಬೇರೆ ದಿನಕ್ಕೆ ಇಡಿ. ಲ್ಯೂಕ್ ಕಪ್ಪು ಉಡುಪಿನಲ್ಲಿ ಬಾಗಿಲು ದಾಟಿ ಬರುವಾಗ, ಮೂರನ್ನು ಈಗಷ್ಟೇ ನೋಡಿದ ಹುಡುಗಿ ಸೋಫಾದಲ್ಲಿ ನೆಟ್ಟಗೆ ಕೂತಳು. ಇವನೂ ಅದೇ ದಾರಿ ಹಿಡಿಯುತ್ತಾನೇನೋ ಎಂಬ ಅಂಜಿಕೆ ಬೇರೆ ಯಾವ ಕ್ರಮದಲ್ಲೂ ಇಷ್ಟು ಹತ್ತಿರದಿಂದ ಬರುವುದಿಲ್ಲ.

ಉಳಿದವುಗಳಲ್ಲಿ 2018ರ 'ಸೋಲೋ' ನೋಡದಿದ್ದರೂ ಮುಖ್ಯ ಕಥೆಗೆ ಏನೂ ಕೊರತೆಯಾಗದು. ಒಂದನೇ ಭಾಗ ಬಿಟ್ಟವರಿಗಂತೂ 'ಸೋಲೋ'ದ ಕೊನೆಯಲ್ಲಿ ಬಂದುಹೋಗುವ ಖಳ ಯಾರೆಂದೇ ತಿಳಿಯುವುದಿಲ್ಲ. 2015, 2017 ಮತ್ತು 2019ರ ಏಳು, ಎಂಟು, ಒಂಬತ್ತನ್ನು ನೋಡುವುದಾದರೆ ಮೂರನ್ನೂ ಸಾಲಾಗಿ ನೋಡಿ, ನಡುವಿನದನ್ನು ಹಾರಿಸಬೇಡಿ. 2016ರ 'ರೋಗ್ ಒನ್' ಮಾತ್ರ ತಪ್ಪಿಸಬೇಡಿ. ಅದರ ಕಥೆ ಮುಗಿಯುವುದು ನಾಲ್ಕನೇ ಭಾಗ ಶುರುವಾಗುವ ಹೊತ್ತಿಗೇ, ಆದರೂ ಅದನ್ನು ಮೊದಲು ಹಾಕಬೇಡಿ. ಆರು ಮುಗಿದ ಮೇಲೆ ಒಂದು ಸಂಜೆ ನೋಡಿ, ಹಾಗೇ ನಾಲ್ಕನೆಯದರ ಮೊದಲ ಹತ್ತು ನಿಮಿಷ ಮತ್ತೆ ಹಾಕಿ. ನಮ್ಮ ಹುಡುಗಿ ಅಂದು ಆ ಹತ್ತು ನಿಮಿಷಕ್ಕೆ ನಿಲ್ಲಿಸಲು ಬಿಡಲಿಲ್ಲ.