ಬ್ರೌಸರ್ ತೆವಳುತ್ತಿದ್ದರೆ ಭಾರ ಯಾರದೆಂದು ಪತ್ತೆ ಮಾಡುವುದು ಹೇಗೆ?

ನಲವತ್ತು ಟ್ಯಾಬ್ ತೆರೆದಿರುವಾಗ ಬ್ರೌಸರ್ ನಿಧಾನವಾದರೆ ಹೆಚ್ಚಿನವರು ಕೈಗೆ ಸಿಕ್ಕ ಟ್ಯಾಬ್‌ಗಳನ್ನೆಲ್ಲ ಮುಚ್ಚಿಬಿಡುತ್ತಾರೆ. ಇನ್ನು ಕೆಲವರು ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ತೆರೆದು, ಅಲ್ಲಿ ಸಾಲುಸಾಲಾಗಿ ಕಾಣುವ `chrome.exe`ಗಳಲ್ಲಿ ಯಾವುದು ಯಾವ ಪುಟದ್ದೆಂದು ತಿಳಿಯದೆ ಒಂದನ್ನು ಕೊನೆಗೊಳಿಸಿ, ಅರ್ಧ ತುಂಬಿದ ಅರ್ಜಿಯನ್ನು ಕಳೆದುಕೊಳ್ಳುತ್ತಾರೆ. ಕ್ರೋಮ್‌ನೊಳಗೇ ಇರುವ ಟಾಸ್ಕ್ ಮ್ಯಾನೇಜರ್ ಪ್ರತಿ ಪುಟವನ್ನೂ ವಿಸ್ತರಣೆಯನ್ನೂ ಹೆಸರು ಹಿಡಿದು ತೋರಿಸುತ್ತದೆ.

ವಿಂಡೋಸ್‌ನಲ್ಲಿ `Shift+Esc` ಒತ್ತಿದರೆ ಅದು ತೆರೆಯುತ್ತದೆ. Memory footprint ಎಂಬ ತಲೆಬರಹದ ಮೇಲೆ ಕ್ಲಿಕ್ ಮಾಡಿ, ಹೆಚ್ಚು ಮೆಮೊರಿ ಬಳಸುವವು ಮೇಲೆ ಬರುವಂತೆ ಮಾಡಿಕೊಳ್ಳಿ. ಅಂಕಿಗಳು ಕಿಲೋಬೈಟ್‌ನಲ್ಲಿರುವುದರಿಂದ ಹತ್ತು ಲಕ್ಷದ ಆಸುಪಾಸಿನ ಸಂಖ್ಯೆಯೆಂದರೆ ಸುಮಾರು ಒಂದು ಜಿಬಿ.

ಎಲ್ಲರೂ ಎಡವುವುದು ಇಲ್ಲಿಂದ ಮುಂದೆ. Extension ಎಂಬ ಸಾಲಿನಲ್ಲಿ ಕಾಣುವುದು ಆ ವಿಸ್ತರಣೆ ಹಿನ್ನೆಲೆಯಲ್ಲಿ ಬಳಸುವ ಮೆಮೊರಿ ಮಾತ್ರ. ಪುಟದೊಳಗೆ ಅದು ಸೇರಿಸುವ ಸ್ಕ್ರಿಪ್ಟ್‌ನ ಭಾರವು ಆ ಟ್ಯಾಬಿನ ಲೆಕ್ಕಕ್ಕೇ ಬೀಳುತ್ತದೆ. ಆದ್ದರಿಂದ ವಿಸ್ತರಣೆಯ ಸಾಲು ಚಿಕ್ಕದಾಗಿದೆಯೆಂದ ಮಾತ್ರಕ್ಕೆ ಅದು ನಿರ್ದೋಷಿ ಎಂದುಕೊಳ್ಳಬಾರದು. ಪರಿಚಿತರೊಬ್ಬರ ಲ್ಯಾಪ್‌ಟಾಪ್‌ನಲ್ಲಿ ಒಂದು ಸಾಧಾರಣ ಸುದ್ದಿಪುಟ 11,80,000ದಷ್ಟು ತೋರಿಸುತ್ತಿತ್ತು; ಬರವಣಿಗೆ ತಿದ್ದುವ ವಿಸ್ತರಣೆಯ ಸಾಲಿನಲ್ಲಿ ಇದ್ದದ್ದು 60,000 ಮಾತ್ರ. ಅವರು ಸುದ್ದಿತಾಣವನ್ನೇ ದೂರುತ್ತಿದ್ದರು.

ನಾವು ಅದೇ ಪುಟವನ್ನು ಇನ್‌ಕಾಗ್ನಿಟೊ ಕಿಟಕಿಯಲ್ಲಿ ತೆರೆದೆವು. ನೀವಾಗಿ ಅನುಮತಿ ಕೊಟ್ಟಿರದಿದ್ದರೆ ಅಲ್ಲಿ ವಿಸ್ತರಣೆಗಳು ಓಡುವುದಿಲ್ಲ. ಪಟ್ಟಿಯಲ್ಲಿ ಪ್ರತ್ಯೇಕವಾಗಿ ಕಾಣಿಸಿದ ಆ ಟ್ಯಾಬ್ ತೋರಿಸಿದ್ದು 2,30,000. ಇಷ್ಟು ಅಂತರವಿದ್ದರೆ ಭಾರ ವಿಸ್ತರಣೆಯದೆಂದು ಬಲವಾಗಿ ಶಂಕಿಸಬಹುದು; ಎರಡೂ ಕಡೆ ಒಂದೇ ಸಮನಾಗಿದ್ದರೆ ಪುಟವೇ ಭಾರದ್ದು. ಹೋಲಿಸುವ ಮುನ್ನ ಎರಡನ್ನೂ ಹೊಸದಾಗಿ ಲೋಡ್ ಮಾಡಿ ಒಂದೆರಡು ನಿಮಿಷ ಬಿಡಿ. ಹಲವು ಸಾಲುಗಳ Process ID ಒಂದೇ ಆಗಿದ್ದರೆ ಅವು ಒಂದೇ ಪ್ರಕ್ರಿಯೆಯನ್ನು ಹಂಚಿಕೊಂಡಿರುತ್ತವೆ; ಅಲ್ಲಿ ಕಾಣುವ ಅಂಕಿ ಅವೆಲ್ಲದರ ಮೊತ್ತ, ಒಂದನ್ನು ಕೊನೆಗೊಳಿಸಿದರೆ ಜೊತೆಗಿರುವವೂ ಹೋಗುತ್ತವೆ.

ನಂತರ `chrome://extensions` ತೆರೆದು ವಿಸ್ತರಣೆಗಳನ್ನು ಒಂದೊಂದಾಗಿ ಆಫ್ ಮಾಡುತ್ತಾ, ಪ್ರತಿ ಸಲವೂ ಪುಟವನ್ನು ರಿಲೋಡ್ ಮಾಡಿ ಅಂಕಿ ನೋಡಿ. ರಿಲೋಡ್ ಮಾಡದಿದ್ದರೆ ಹಳೆಯ ಸ್ಕ್ರಿಪ್ಟ್ ಪುಟದಲ್ಲೇ ಉಳಿದು ಪರೀಕ್ಷೆ ಕೆಡುತ್ತದೆ. ಪರಿಚಿತರ ವಿಷಯದಲ್ಲಿ ನಾಲ್ಕನೆಯದನ್ನು ಆಫ್ ಮಾಡಿದಾಗ ಅಂಕಿ ಇಳಿಯಿತು. ಅದು ಆ ತಿದ್ದುವ ವಿಸ್ತರಣೆಯೇ ಆಗಿತ್ತು.

End process ಬಟನ್ ತಾತ್ಕಾಲಿಕ ಉಪಶಮನ ಮಾತ್ರ. ಉಳಿಸದ ಬರಹವಿರುವ ಟ್ಯಾಬಿನ ಮೇಲೆ ಅದನ್ನು ಎಂದೂ ಒತ್ತಬೇಡಿ. ಮೆಮೊರಿ ತೊಳೆದುಕೊಡುತ್ತೇವೆನ್ನುವ ವಿಸ್ತರಣೆಗಳನ್ನು ನಾನು ಯಾರಿಗೂ ಸೂಚಿಸುವುದಿಲ್ಲ, ಬಳಸದ ಟ್ಯಾಬ್‌ಗಳನ್ನು ನಿದ್ರೆಗೆ ಕಳಿಸುವ Memory Saver ಸೆಟ್ಟಿಂಗ್ಸ್‌ನಲ್ಲೇ ಇದೆ. ಭಾರದ ವಿಸ್ತರಣೆ ನಿಮಗೆ ಬೇಕೇ ಬೇಕಿದ್ದರೆ ಅದರ Details ಪುಟಕ್ಕೆ ಹೋಗಿ, ತಾಣಗಳ ಅನುಮತಿಯನ್ನು On click ಎಂದು ಬದಲಿಸಿ; ಆಗ ನೀವು ಅದರ ಚಿಹ್ನೆಯನ್ನು ಒತ್ತಿದ ಪುಟದಲ್ಲಿ ಮಾತ್ರ ಅದು ಕೆಲಸ ಮಾಡುತ್ತದೆ.